ಅವಾರ್ಡ್ ಬಂತು, ಮುಂದೆ ಯಾರು ಏನು ಮಾಡಬೇಕು? ಒಂದು ಪ್ರಕರಣ ಅಧ್ಯಯನ

ಕಾರ್ಮಿಕ ನ್ಯಾಯಾಲಯದಿಂದ ಐತೀರ್ಪು, ಅಂದರೆ ಅವಾರ್ಡ್, ಬಂದ ದಿನ ಸಂಘದ ಕಚೇರಿಯಲ್ಲಿ ಸಿಹಿ ಹಂಚುತ್ತಾರೆ. ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಅದೇ ಹೊತ್ತಿಗೆ ವಕೀಲರಿಗೆ ಫೋನ್ ಹೋಗುತ್ತದೆ. ಕೈಯಲ್ಲಿರುವ ಕಾಗದ ಎರಡೂ ಕಡೆ ಒಂದೇ, ಆದರೆ ಅದರಿಂದ ಇಬ್ಬರೂ ತೆಗೆಯುವ ಲೆಕ್ಕ ಬೇರೆ ಬೇರೆ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ, ಕೆಲಸದಿಂದ ಹೊರಗಿದ್ದ ಕಾಲಕ್ಕೆ ಕಾರ್ಮಿಕನಿಗೆ ಬರಬೇಕಾದ ವೇತನ ಸಂಘದ ಲೆಕ್ಕದಲ್ಲಿ 7,15,500 ರೂಪಾಯಿ ಇತ್ತು, ಕಂಪನಿಯ ಲೆಕ್ಕದಲ್ಲಿ 3,33,000. ಎರಡರಲ್ಲಿ ಯಾವುದೂ ಐತೀರ್ಪಿನಲ್ಲಿ ಇರಲಿಲ್ಲ.

ನಾನು ಕಾರ್ಮಿಕ ಸಂಘಗಳಿಗೆ ಇಂಥ ಐತೀರ್ಪುಗಳನ್ನು ಓದಿ ಸಾರಾಂಶ ಬರೆದುಕೊಡುವ ಕೆಲಸ ಮಾಡುತ್ತೇನೆ. ಕಾರ್ಮಿಕನ, ಕಂಪನಿಯ ಗುರುತು ಸಿಗದಂತೆ ಕೆಲವು ವಿವರ ಮತ್ತು ಅಂಕಿಗಳನ್ನು ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದಂತೆಯೇ ಇದೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಕೈಗಾರಿಕಾ ಪ್ರದೇಶ. ವಾಹನದ ಬಿಡಿಭಾಗ ಮಾಡುವ ಖಾಸಗಿ ಕಾರ್ಖಾನೆ. ಅಲ್ಲಿ 2006ರಿಂದ ಪ್ರೆಸ್ ಆಪರೇಟರ್ ಆಗಿದ್ದವರನ್ನು ಸೂಪರ್‌ವೈಸರ್ ಜೊತೆ ಜಗಳವಾಡಿದರು, ಶಿಫ್ಟಿನಲ್ಲಿ ಮಷಿನ್ ನಿಲ್ಲಿಸಿದರು ಎಂಬ ಆರೋಪದ ಮೇಲೆ 2017ರ ನವೆಂಬರ್‌ನಲ್ಲಿ ಸಸ್ಪೆಂಡ್ ಮಾಡಿದರು. ಆಂತರಿಕ ವಿಚಾರಣೆ ನಡೆಯಿತು. 2018ರ ಮಾರ್ಚ್ 31ಕ್ಕೆ ವಜಾ ಮಾಡಿದರು. ಆಗ ಅವರ ತಿಂಗಳ ವೇತನ 18,400 ರೂಪಾಯಿ.

ಆಪರೇಟರ್ ಕೈಗಾರಿಕಾ ವಿವಾದ ಕಾಯ್ದೆಯ 10(4-ಎ) ಕಲಂ ಅಡಿ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಇದು ಕರ್ನಾಟಕದ ತಿದ್ದುಪಡಿ. ವಜಾ ಆದೇಶ ತಲುಪಿದ ಆರು ತಿಂಗಳೊಳಗೆ ಅರ್ಜಿ ಹಾಕಿದರೆ ಸರ್ಕಾರ ವಿವಾದವನ್ನು ಕಳಿಸಿಕೊಡಲಿ ಎಂದು ಕಾಯಬೇಕಿರಲಿಲ್ಲ. ಕೇಸು ನಡೆಯುತ್ತಿರುವಾಗ, 2020ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ ಮಧ್ಯಂತರ ಪರಿಹಾರ ಕೊಡಲು ನ್ಯಾಯಾಲಯ ಹೇಳಿತು. ಕಂಪನಿ 2022ರ ಆಗಸ್ಟ್‌ವರೆಗೆ 26 ತಿಂಗಳು ಕೊಟ್ಟಿತು. ಮನೆ ನಡೆಸೋಕೆ ಅದು ಸಾಲದೆ ಆಪರೇಟರ್ ಬಾಡಿಗೆ ಆಟೊ ಓಡಿಸುತ್ತಿದ್ದರು.

2022ರ ಸೆಪ್ಟೆಂಬರ್ 15ಕ್ಕೆ ಐತೀರ್ಪು ಬಂತು. ವಿಚಾರಣೆ ಸರಿಯಾಗಿಯೇ ನಡೆದಿದೆ, ಆರೋಪವೂ ಒಂದು ಮಟ್ಟಿಗೆ ಸಾಬೀತಾಗಿದೆ, ಆದರೆ ಶಿಕ್ಷೆ ಜಾಸ್ತಿಯಾಯಿತು ಎಂದು ನ್ಯಾಯಾಲಯ 11-ಎ ಕಲಂ ಬಳಸಿ ವಜಾ ಆದೇಶ ರದ್ದು ಮಾಡಿತು.

ಎರಡು ಸಾರಾಂಶಗಳು, ಎರಡೂ ತಪ್ಪು

ಐತೀರ್ಪು 41 ಪುಟ. ಇಂಗ್ಲಿಷಿನಲ್ಲಿದೆ. ಸಂಘದ ಒಬ್ಬ ಪದಾಧಿಕಾರಿ ಅದನ್ನು ಕಷ್ಟಪಟ್ಟು ಓದಿ ಎರಡು ಪುಟದ ಸಾರಾಂಶ ಬರೆದರು. ಅದರಲ್ಲಿ ಮೂರು ಮಾತು ಮುಖ್ಯವಾಗಿದ್ದವು. ಕಂಪನಿ 30 ದಿನದೊಳಗೆ ಕೆಲಸಕ್ಕೆ ಕರೆಯಬೇಕು. ಸೇವೆ ನಿರಂತರ ಎಂದು ಹೇಳಿರುವುದರಿಂದ ಜೊತೆಯವರಿಗೆ ಈಗ ಸಿಗುತ್ತಿರುವ 26,500 ರೂಪಾಯಿಯ ಅರ್ಧದಂತೆ 54 ತಿಂಗಳ ಹಿಂಬಾಕಿ ವೇತನ ಬರಬೇಕು. ಕೊಡದಿದ್ದರೆ ಕಂಪನಿಯವರಿಗೆ ಜೈಲು.

ಅಕ್ಟೋಬರ್ 17ಕ್ಕೆ ಸಂಘ ಕಂಪನಿಗೆ ಕಟುವಾದ ಪತ್ರ ಬರೆಯಿತು. 30 ದಿನ ಮುಗಿದಿದೆ, ನೀವು ಐತೀರ್ಪು ಉಲ್ಲಂಘಿಸಿದ್ದೀರಿ, 29ನೇ ಕಲಂ ಅಡಿ ಕ್ರಮ ತೆಗೆದುಕೊಳ್ಳುತ್ತೇವೆ ಎಂದು. ಕಂಪನಿಯ ಉತ್ತರ ನಾಲ್ಕೇ ಸಾಲು: ಐತೀರ್ಪು ಇನ್ನೂ ಪ್ರಕಟವಾಗಿಲ್ಲ, ಜಾರಿಗೂ ಬಂದಿಲ್ಲ. ಆ ಉತ್ತರ ಸರಿಯಾಗಿಯೇ ಇತ್ತು. ಸಂಘದ ಪತ್ರ ಸುಮ್ನೆ ಫೈಲು ಸೇರಿತು. ನಿಜವಾದ ಗಡುವು ಬಂದಾಗ ಸಂಘದ ಮಾತಿಗೆ ಇರಬೇಕಾದ ತೂಕವೂ ಅಷ್ಟರ ಮಟ್ಟಿಗೆ ಕಡಿಮೆಯಾಯಿತು.

ಕಂಪನಿಯ ಒಳಗಿನ ಟಿಪ್ಪಣಿ ನಮ್ಮ ಕೈಗೆ ಸಿಕ್ಕಿದ್ದು ಆಮೇಲೆ, ಅವರೇ ಮಾತುಕತೆಯ ಮೇಜಿನ ಮೇಲೆ ಇಟ್ಟಾಗ. ಅದರಲ್ಲಿ ಹಿಂಬಾಕಿ ವೇತನವನ್ನು ಐತೀರ್ಪಿನ ದಿನಕ್ಕೆ, ಅಂದರೆ ಸೆಪ್ಟೆಂಬರ್ 15ಕ್ಕೆ ನಿಲ್ಲಿಸಿದ್ದರು. 53 ತಿಂಗಳು 15 ದಿನ, ತಿಂಗಳಿಗೆ 9,200ರಂತೆ 4,92,200. ಅದರಲ್ಲಿ ಮಧ್ಯಂತರ ಪರಿಹಾರದ 1,04,000 ಕಳೆದಿದ್ದರು. ಸಸ್ಪೆನ್ಷನ್ ಕಾಲದಲ್ಲಿ ಕೊಟ್ಟಿದ್ದ ಜೀವನಾಧಾರ ಭತ್ಯೆ 55,200ನ್ನೂ ಕಳೆದಿದ್ದರು. ಉಳಿದದ್ದು 3,33,000.

ಸಂಘದವರು ಹೆಚ್ಚು ಸೇರಿಸಿಕೊಂಡಿದ್ದರು, ಕಂಪನಿ ಹೆಚ್ಚು ಕಳೆದಿತ್ತು. ಇಬ್ಬರ ತಪ್ಪಿಗೂ ಕಾರಣ ಒಂದೇ. ಐತೀರ್ಪಿನಲ್ಲಿ ನ್ಯಾಯಾಲಯ ಕಾರಣ ಹೇಳುವ ಭಾಗವನ್ನೂ ಆಜ್ಞೆ ಮಾಡುವ ಭಾಗವನ್ನೂ ಅವರು ಬೇರೆ ಮಾಡಿ ನೋಡಲಿಲ್ಲ.

41 ಪುಟದಲ್ಲಿ ಆಜ್ಞೆ ಎಲ್ಲಿದೆ

ಕರ್ನಾಟಕದ ಕಾರ್ಮಿಕ ನ್ಯಾಯಾಲಯಗಳ ಐತೀರ್ಪಿಗೆ ಒಂದು ರೂಢಿಯ ಕ್ರಮವಿದೆ. ಮೊದಲು ಪಕ್ಷಗಳ ಹೆಸರು. ಇಂಥ ಅರ್ಜಿಗಳಲ್ಲಿ ಕಾರ್ಮಿಕನಿಗೆ ‘ಮೊದಲನೇ ಪಕ್ಷ’, ಆಡಳಿತಕ್ಕೆ ‘ಎರಡನೇ ಪಕ್ಷ’ ಎನ್ನುವುದು ಸಾಮಾನ್ಯ. ಆಮೇಲೆ ಕಾರ್ಮಿಕ ಏನು ಕೇಳಿದ, ಆಡಳಿತ ಏನು ಹೇಳಿತು ಎಂಬುದು ಪುಟಗಟ್ಟಲೆ ಬರುತ್ತದೆ. ನಂತರ ವಿವಾದಾಂಶಗಳು, ಸಾಕ್ಷ್ಯ, ಹಿಂದಿನ ತೀರ್ಪುಗಳ ಚರ್ಚೆ. ಕಟ್ಟಕಡೆಗೆ, ಹೆಚ್ಚಾಗಿ ಕೊನೆಯ ಪುಟದಲ್ಲಿ, ‘ಆದೇಶ’ ಎಂಬ ತಲೆಬರಹದ ಕೆಳಗೆ ಕೆಲವೇ ಸಾಲು. ಪಾಲಿಸಬೇಕಾದದ್ದು ಆ ಸಾಲುಗಳನ್ನು.

ಸಂಘದವರು ಕೆಂಪು ಗೆರೆ ಎಳೆದಿದ್ದು 29ನೇ ಪುಟದಲ್ಲಿ. ಅಲ್ಲಿ ಸುಪ್ರೀಂ ಕೋರ್ಟಿನ 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನ ಚರ್ಚೆ ಇದೆ. ತಪ್ಪಾಗಿ ಕೆಲಸದಿಂದ ತೆಗೆದಿದ್ದರೆ ಮರಳಿ ಸೇರಿಸಿಕೊಂಡು, ಸೇವೆ ನಿರಂತರವೆಂದು ಪರಿಗಣಿಸಿ, ಹಿಂಬಾಕಿ ವೇತನ ಕೊಡುವುದೇ ಸಾಮಾನ್ಯ ನಿಯಮ ಎನ್ನುತ್ತದೆ ಆ ತೀರ್ಪು. ಓದಿದರೆ ಖುಷಿಯಾಗುತ್ತದೆ. ಆದರೆ ಎರಡು ಪುಟ ದಾಟಿದ ಮೇಲೆ ನ್ಯಾಯಾಧೀಶರು, ಈ ಕಾರ್ಮಿಕ ಆಟೊ ಓಡಿಸಿ ಸ್ವಲ್ಪ ದುಡಿದಿದ್ದಾನೆ, ಅವನ ಕಡೆಯೂ ತಪ್ಪಿದೆ, ಆದ್ದರಿಂದ ಅರ್ಧ ಸಾಕು ಎನ್ನುತ್ತಾರೆ. ಚರ್ಚೆಯ ಭಾಗದಿಂದ ಸಾರಾಂಶ ತೆಗೆದರೆ ಯಾವ ಪುಟದಲ್ಲಿ ನಿಂತಿರೋ ಆ ಪುಟದ ಉತ್ತರ ಸಿಗುತ್ತದೆ.

ಹಾಗಾಗಿ ನಾನು ಕೊನೆಯ ಪುಟದಿಂದ ಶುರು ಮಾಡುತ್ತೇನೆ. ಈ ಐತೀರ್ಪಿನ ಆದೇಶ ಭಾಗದ ಸಾರ ಹೀಗಿತ್ತು:

“ಅರ್ಜಿ ಭಾಗಶಃ ಪುರಸ್ಕೃತ. 31-3-2018ರ ವಜಾ ಆದೇಶ ರದ್ದು. ಮೊದಲನೇ ಪಕ್ಷದವರು ಕೆಲಸಕ್ಕೆ ಹಾಜರಾದ ಮೇಲೆ, ಎರಡನೇ ಪಕ್ಷದವರು ಅವರನ್ನು ಮೊದಲಿನ ಹುದ್ದೆಗೆ, ಸೇವಾ ನಿರಂತರತೆಯೊಂದಿಗೆ, ಐತೀರ್ಪು ಜಾರಿಗೆ ಬರುವ ದಿನದಿಂದ 30 ದಿನದೊಳಗೆ ಮರಳಿ ಸೇರಿಸಿಕೊಳ್ಳಬೇಕು. ವಜಾ ದಿನದಿಂದ ಮರಳಿ ಸೇರಿಸಿಕೊಳ್ಳುವ ದಿನದವರೆಗೆ, ಕೊನೆಯದಾಗಿ ಪಡೆದ ವೇತನದ ದರದಲ್ಲಿ ಶೇ. 50 ಹಿಂಬಾಕಿ ವೇತನವನ್ನು, ಮಧ್ಯಂತರ ಪರಿಹಾರವಾಗಿ ಕೊಟ್ಟ ಹಣ ಕಳೆದು, ಜಾರಿಗೆ ಬರುವ ದಿನದಿಂದ 60 ದಿನದೊಳಗೆ ಕೊಡಬೇಕು. ತಪ್ಪಿದಲ್ಲಿ, ತಪ್ಪಿದ ದಿನದಿಂದ ಬಾಕಿಗೆ ವರ್ಷಕ್ಕೆ ಶೇ. 6 ಬಡ್ಡಿ. ಉಳಿದ ಬೇಡಿಕೆಗಳು ತಿರಸ್ಕೃತ.”

ಇಷ್ಟೇ. ಇದರ ಪ್ರತಿ ಪದಕ್ಕೂ ಹಣದ ಬೆಲೆ ಇದೆ.

‘ಕೊನೆಯದಾಗಿ ಪಡೆದ ವೇತನದ ದರದಲ್ಲಿ’ ಎಂದ ಮೇಲೆ 26,500ಕ್ಕೆ ಜಾಗವಿಲ್ಲ, 18,400 ಮಾತ್ರ. ಸೇವಾ ನಿರಂತರತೆ ಇದೆಯಲ್ಲ, ಇನ್‌ಕ್ರಿಮೆಂಟ್ ಯಾಕೆ ಬರಲ್ಲ ಎಂದು ಸಂಘದವರು ಬಹಳ ಹೊತ್ತು ವಾದಿಸಿದರು. ನಿರಂತರತೆಯಿಂದ ಗ್ರ್ಯಾಚುಟಿಗೆ ವರ್ಷ ಲೆಕ್ಕ ಹಾಕುವಾಗ ನಡುವಿನ ಕಾಲ ಕಡಿದುಹೋಗುವುದಿಲ್ಲ, ಸೇವೆ 2006ರಿಂದಲೇ ಎಂದಾಗುತ್ತದೆ. ಆದರೆ ನಡುವಿನ ವರ್ಷಗಳ ಇನ್‌ಕ್ರಿಮೆಂಟು, ವೇತನ ಪರಿಷ್ಕರಣೆ ತಾನಾಗಿಯೇ ಅದರ ಜೊತೆ ಬರುವುದಿಲ್ಲ. ಆಂಧ್ರಪ್ರದೇಶ ರಸ್ತೆ ಸಾರಿಗೆ ನಿಗಮ ಮತ್ತು ನರಸಾಗೌಡ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಈ ವ್ಯತ್ಯಾಸ ಹೇಳಿದೆ. ಅದು ಬೇಕಿದ್ದರೆ ಐತೀರ್ಪು ಬಾಯಿಬಿಟ್ಟು ಹೇಳಬೇಕು. ಇಲ್ಲಿ ‘ಉಳಿದ ಬೇಡಿಕೆಗಳು ತಿರಸ್ಕೃತ’ ಎಂಬ ಕೊನೆಯ ಸಾಲು ಆ ಬಾಗಿಲನ್ನೂ ಮುಚ್ಚಿತ್ತು. ಅರ್ಜಿಯಲ್ಲಿ ಅವರು ‘ಎಲ್ಲ ತತ್ಪರಿಣಾಮದ ಸೌಲಭ್ಯ’, ಅಂದರೆ ಇನ್‌ಕ್ರಿಮೆಂಟು, ವೇತನ ಪರಿಷ್ಕರಣೆಯಂಥವನ್ನು ಕೇಳಿದ್ದರು. ಕೇಳಿದ್ದು ಏನು, ಕೊಟ್ಟಿದ್ದು ಏನು ಎಂದು ಅರ್ಜಿಯನ್ನೂ ಆದೇಶವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ತಿರಸ್ಕೃತವಾದ್ದು ಏನೆಂದು ಗೊತ್ತಾಗುತ್ತದೆ.

ಅದೇ ರೀತಿ ‘ಮರಳಿ ಸೇರಿಸಿಕೊಳ್ಳುವ ದಿನದವರೆಗೆ’ ಎಂದ ಮೇಲೆ ಕಂಪನಿಯ ಸೆಪ್ಟೆಂಬರ್ 15 ನಿಲ್ಲುವುದಿಲ್ಲ. ಕಂಪನಿ ಎಷ್ಟು ತಡ ಮಾಡುತ್ತದೋ ಅಷ್ಟೂ ತಿಂಗಳು 9,200 ಸೇರುತ್ತಾ ಹೋಗುತ್ತದೆ. ಇನ್ನು ಕಳೆಯಬಹುದಾದ್ದು ಮಧ್ಯಂತರ ಪರಿಹಾರ ಒಂದೇ. ಜೀವನಾಧಾರ ಭತ್ಯೆ ಕೊಟ್ಟಿದ್ದು ವಜಾ ಮಾಡುವ ಮೊದಲು, 2017ರ ನವೆಂಬರ್‌ನಿಂದ 2018ರ ಮಾರ್ಚ್‌ವರೆಗೆ. ಹಿಂಬಾಕಿ ವೇತನ ಶುರುವಾಗುವುದೇ 2018ರ ಏಪ್ರಿಲ್ 1ರಿಂದ. ಬೇರೆ ಕಾಲಕ್ಕೆ ಕೊಟ್ಟ ಹಣವನ್ನು ಈ ಕಾಲದ ಬಾಕಿಯಲ್ಲಿ ಮುರಿದುಕೊಳ್ಳೋಕೆ ಆಗಲ್ಲ, ಅಲ್ವಾ? ಆದೇಶವೂ ಹಾಗೆ ಹೇಳಿಲ್ಲ.

ದಿನಗಳ ಲೆಕ್ಕ

1947ರ ಕಾಯ್ದೆಯಡಿ ಐತೀರ್ಪಿಗೆ ಮೂರು ದಿನಾಂಕಗಳಿರುತ್ತಿದ್ದವು. ಹೆಚ್ಚಿನ ಸಾರಾಂಶಗಳು ಎಡವುವುದು ಇಲ್ಲೇ.

ನ್ಯಾಯಾಧೀಶರು ಸಹಿ ಹಾಕಿದ ದಿನ ಮೊದಲನೆಯದು. ಆಮೇಲೆ ಐತೀರ್ಪು ಸರ್ಕಾರಕ್ಕೆ ಹೋಗುತ್ತಿತ್ತು. ಸರ್ಕಾರ ಅದನ್ನು ಪಡೆದ 30 ದಿನದೊಳಗೆ ಪ್ರಕಟಿಸಬೇಕು ಎನ್ನುತ್ತಿತ್ತು 17ನೇ ಕಲಂ. ಹಾಗೆ ಪ್ರಕಟವಾದ ದಿನ ಎರಡನೆಯದು. ಪ್ರಕಟವಾಗಿ 30 ದಿನ ಕಳೆದ ಮೇಲೆ, 17-ಎ ಕಲಂ ಪ್ರಕಾರ, ಐತೀರ್ಪು ಜಾರಿಗೆ ಬರುತ್ತಿತ್ತು. ಅದು ಮೂರನೆಯದು. ಆದೇಶದಲ್ಲಿ ‘30 ದಿನದೊಳಗೆ’ ಎಂದು ಕಂಡಾಗ ಯಾವ ದಿನದಿಂದ ಎಂದು ಬೆರಳಿಟ್ಟು ಹುಡುಕಬೇಕು. ಕೆಲವು ಐತೀರ್ಪು ಪ್ರಕಟಣೆಯ ದಿನದಿಂದ ಎನ್ನುತ್ತವೆ, ಕೆಲವು ಐತೀರ್ಪಿನ ದಿನದಿಂದ ಎಂದೇ ಬರೆದಿರುತ್ತವೆ, ಇದರ ಹಾಗೆ ಜಾರಿಯ ದಿನದಿಂದ ಎನ್ನುವವೂ ಇವೆ.

ನಮ್ಮ ಪ್ರಕರಣದಲ್ಲಿ ಪ್ರಕಟಣೆ 2022ರ ನವೆಂಬರ್ 10. ಜಾರಿ ಡಿಸೆಂಬರ್ 10. ಅಲ್ಲಿಂದ 30 ದಿನ ಎಂದರೆ ಕೆಲಸಕ್ಕೆ ಸೇರಿಸಿಕೊಳ್ಳಲು ಕೊನೆಯ ದಿನ 2023ರ ಜನವರಿ 9. 60 ದಿನ ಎಂದರೆ ಹಣ ಕೊಡಲು ಕೊನೆಯ ದಿನ ಫೆಬ್ರವರಿ 8. ಸಂಘದವರು ಅಕ್ಟೋಬರ್ 15ಕ್ಕೇ ಗಡುವು ಮುಗಿಯಿತು ಎಂದುಕೊಂಡಿದ್ದರಲ್ಲ, ನಿಜವಾದ ಮೊದಲ ಗಡುವಿಗೂ ಅದಕ್ಕೂ ಸುಮಾರು ಮೂರು ತಿಂಗಳ ಅಂತರ.

(ಈಗ ಓದುತ್ತಿರುವವರು ಒಂದು ಗಮನಿಸಬೇಕು. 2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಬದಲು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ 30 ದಿನ ಎಣಿಸುವುದು ಸರ್ಕಾರದ ಪ್ರಕಟಣೆಯಿಂದ ಅಲ್ಲ, ಐತೀರ್ಪನ್ನು ಪಕ್ಷಗಳಿಗೆ ತಿಳಿಸಿದ ದಿನದಿಂದ. ಯಾವ ಕಾನೂನಿನಡಿ ಬಂದ ಐತೀರ್ಪು ಎಂದು ನೋಡದೆ ದಿನ ಎಣಿಸಬೇಡಿ.)

ಮೊದಲ ಹೆಜ್ಜೆ ಯಾರದು

ಈ ಪ್ರಕರಣ ತಿರುಗಿದ್ದು ಆದೇಶದ ಒಂದು ಸಣ್ಣ ತುಂಡಿನ ಮೇಲೆ: ‘ಮೊದಲನೇ ಪಕ್ಷದವರು ಕೆಲಸಕ್ಕೆ ಹಾಜರಾದ ಮೇಲೆ’.

ಆಪರೇಟರ್ ಮನೆಯಲ್ಲಿ ಕಂಪನಿಯ ಪತ್ರಕ್ಕೆ ಕಾಯುತ್ತಿದ್ದರು. “ಗೆದ್ದಿದ್ದು ನಾನು, ಕರೀಬೇಕಾದವರು ಅವರು” ಎಂಬುದು ಅವರ ಮಾತು. ನ್ಯಾಯವಾಗಿ ನೋಡಿದರೆ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಆದೇಶ ಓದಿದರೆ ಮೊದಲ ಹೆಜ್ಜೆ ಅವರದ್ದೇ. ಅವರು ಹಾಜರಾಗದೆ ಕೂತರೆ ಕಂಪನಿ ನಾಳೆ “ನಾವು ಸಿದ್ಧರಿದ್ದೆವು, ಅವರೇ ಬರಲಿಲ್ಲ” ಎನ್ನುತ್ತದೆ. ಆಗ ತಿಂಗಳಿಗೆ 9,200ರಂತೆ ಬೆಳೆಯುವ ಬಾಕಿಯೂ ವಿವಾದಕ್ಕೆ ಬೀಳುತ್ತದೆ.

ಹಾಗಾಗಿ ನಾನು ಬರೆದುಕೊಟ್ಟ ಹಾಳೆಯಲ್ಲಿ ಮೊದಲ ಸಾಲನ್ನೇ ಕಾರ್ಮಿಕನ ಹೆಸರಿಗೆ ಹಾಕಿದೆ. ಹಾಳೆ ಹೀಗಿತ್ತು. ಅಂಕಿಗಳು ಡಿಸೆಂಬರ್ ಕೊನೆಯವರೆಗಿನವು.

ಪರಿಹಾರ 1: ಮೊದಲಿನ ಹುದ್ದೆಗೆ ವಾಪಸು, ಸೇವೆ ನಿರಂತರ. ಮೊದಲು ಮಾಡಬೇಕಾದವರು ಕಾರ್ಮಿಕ: ಡಿಸೆಂಬರ್ 10 ಆದ ಕೂಡಲೇ ಬರಹದಲ್ಲಿ ಹಾಜರಿ ಕೊಟ್ಟು ಪುರಾವೆ ಇಟ್ಟುಕೊಳ್ಳಬೇಕು. ನಂತರ ಕಂಪನಿ: ಜನವರಿ 9ರೊಳಗೆ ಸೇರಿಸಿಕೊಳ್ಳಬೇಕು.

ಪರಿಹಾರ 2: ಅರ್ಧ ಹಿಂಬಾಕಿ ವೇತನ. 57 ತಿಂಗಳು, ತಿಂಗಳಿಗೆ 9,200ರಂತೆ 5,24,400. ಕಳೆಯಬೇಕಾದ್ದು 1,04,000. ಬಾಕಿ 4,20,400. ಸೇರಿಸಿಕೊಳ್ಳುವುದು ತಡವಾದ ಪ್ರತಿ ತಿಂಗಳಿಗೆ ಇನ್ನೂ 9,200. ಕೊಡಬೇಕಾದವರು ಕಂಪನಿ, ಫೆಬ್ರವರಿ 8ರೊಳಗೆ.

ಪರಿಹಾರ 3: ಬಡ್ಡಿ, ಫೆಬ್ರವರಿ 9ರಿಂದ, ಕೊಡದೆ ಉಳಿದ ಹಣಕ್ಕೆ ಮಾತ್ರ.

ಸಿಗದೇ ಇದ್ದದ್ದು: ಇನ್‌ಕ್ರಿಮೆಂಟು, ವೇತನ ಪರಿಷ್ಕರಣೆಯ ಬಾಕಿ, ಉಳಿದರ್ಧ ವೇತನ, ಕೇಸಿನ ಖರ್ಚು.

ಐತೀರ್ಪು ಏನೂ ಹೇಳದೇ ಇರುವುದು: ವಾಪಸು ಸೇರಿದ ಮೇಲೆ ಯಾವ ವೇತನ, ಹಿಂಬಾಕಿಯ ಮೇಲೆ ಪಿಎಫ್ ಹೇಗೆ.

ಕೊನೆಯ ಸಾಲನ್ನು ನೋಡಿ ಸಂಘದವರಿಗೆ ಸಮಾಧಾನವಾಗಲಿಲ್ಲ. ಐತೀರ್ಪಿನಲ್ಲಿ ಇಲ್ಲದ್ದನ್ನು ಸಾರಾಂಶದಲ್ಲಿ ಯಾಕೆ ಬರೀತೀರಿ ಎಂದರು. ಆದರೆ ಆ ಸಾಲು ಇಲ್ಲದಿದ್ದರೆ ಓದುವವರು ಖಾಲಿ ಜಾಗವನ್ನು ತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. 26,500ರ ಲೆಕ್ಕ ಹುಟ್ಟಿದ್ದೂ ಹಾಗೆಯೇ.

ಮೇಲಿನ ಮೊತ್ತವೆಲ್ಲ ಕಡಿತಕ್ಕೆ ಮೊದಲಿನದು ಎಂದೂ ಹಾಳೆಯ ಅಡಿಯಲ್ಲಿ ಬರೆದೆ. ಹಿಂಬಾಕಿ ವೇತನವೂ ವೇತನವೇ ಆದ್ದರಿಂದ ಕಾರ್ಮಿಕನ ಪಾಲಿನ ಪಿಎಫ್ ಅದರಲ್ಲಿ ಕಡಿತವಾಗುತ್ತದೆ. ಹಲವು ವರ್ಷದ ವೇತನ ಒಂದೇ ವರ್ಷ ಕೈಸೇರುವುದರಿಂದ ಆದಾಯ ತೆರಿಗೆ ಜಾಸ್ತಿ ಬೀಳಬಹುದು. ಆಗಿನ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಅಡಿ ರಿಯಾಯಿತಿ ಬೇಕಿದ್ದರೆ ರಿಟರ್ನ್ ಸಲ್ಲಿಸುವ ಮೊದಲು ಆನ್‌ಲೈನಿನಲ್ಲಿ ಫಾರ್ಮ್ 10ಇ ತುಂಬಬೇಕಿತ್ತು. ಅದನ್ನು ಮಾಡಬೇಕಾದವರೂ ಕಾರ್ಮಿಕನೇ.

ಗೇಟಿನಲ್ಲಿ ನಡೆದದ್ದು

ಡಿಸೆಂಬರ್ 19, ಸೋಮವಾರ ಬೆಳಗಿನ ಶಿಫ್ಟಿಗೆ ಆಪರೇಟರ್ ಗೇಟಿಗೆ ಹೋದರು. ಕೈಯಲ್ಲಿ ಒಂದು ಪುಟದ ಹಾಜರಿ ಪತ್ರ, ಐತೀರ್ಪಿನ ಕೊನೆಯ ಪುಟದ ಜೆರಾಕ್ಸ್. ಸೆಕ್ಯುರಿಟಿಯವರು ಹಳೇ ಪರಿಚಯದವರು. “ಅಣ್ಣಾರ, ನಮಗ ಮ್ಯಾಲಿಂದ ಆರ್ಡರ್ ಬಂದಿಲ್ರಿ. ಪತ್ರ ತಗೊಳ್ಳಂಗಿಲ್ಲ” ಎಂದರು. ಒಳಗೂ ಬಿಡಲಿಲ್ಲ, ಪತ್ರಕ್ಕೆ ಸೀಲೂ ಹಾಕಲಿಲ್ಲ.

ಇದು ಮೊದಲೇ ಅಂದಾಜಿದ್ದ ವಿಷಯ. ಹಾಗಾಗಿ ಅಲ್ಲೇ ನಿಂತು ಜಗಳ ಮಾಡದೆ, ಆ ದಿನವೇ ಅದೇ ಪತ್ರವನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಂಪನಿಗೆ ಕಳಿಸಿದರು, ಕಂಪನಿಯ ಇಮೇಲಿಗೂ ಹಾಕಿದರು, ಕಾರ್ಮಿಕ ಅಧಿಕಾರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆದರು. ಬೆಳಿಗ್ಗೆ ಗೇಟಿಗೆ ಬಂದಿದ್ದೆ, ಪತ್ರ ತೆಗೆದುಕೊಳ್ಳಲಿಲ್ಲ ಎಂಬ ಒಂದು ಸಾಲನ್ನು ಕೆಳಗೆ ಕೈಯಲ್ಲಿ ಬರೆದಿದ್ದರು. ಮುಂದೆ ಬಹಳ ಉಪಯೋಗಕ್ಕೆ ಬಂದದ್ದು ಆ ಸಾಲೇ.

ಡಿಸೆಂಬರ್ 27ಕ್ಕೆ ಕಂಪನಿಯ ಉತ್ತರ ಬಂತು. ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕುತ್ತಿದ್ದೇವೆ, ಅಲ್ಲಿಯವರೆಗೆ ಕಾಯಿರಿ ಎಂದು. ಸಂಘದಲ್ಲಿ ಹಲವರು ಇದನ್ನು ಓದಿ ಎಲ್ಲ ಮುಗಿಯಿತು ಎಂದುಕೊಂಡರು. ರಿಟ್ ಹಾಕುವುದು ಬೇರೆ, ತಡೆಯಾಜ್ಞೆ ಸಿಗುವುದು ಬೇರೆ. ತಡೆಯಾಜ್ಞೆ ಇಲ್ಲದವರೆಗೆ ಗಡುವು ಅದರ ಪಾಡಿಗೆ ಓಡುತ್ತಿರುತ್ತದೆ. ಒಂದು ವೇಳೆ ತಡೆಯಾಜ್ಞೆ ಸಿಕ್ಕರೂ, ಮರಳಿ ಸೇರಿಸಿಕೊಳ್ಳುವ ಐತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಮಾಲೀಕರು ಕೇಸು ಮುಗಿಯುವವರೆಗೆ ಕೊನೆಯದಾಗಿ ಪಡೆದ ಪೂರ್ಣ ವೇತನ ಕೊಡಬೇಕು ಎನ್ನುತ್ತಿತ್ತು 17-ಬಿ ಕಲಂ. ಇಲ್ಲಿ ಅದು ತಿಂಗಳಿಗೆ 18,400. ಅದಕ್ಕೆ ಕಾರ್ಮಿಕ ತಾನು ಬೇರೆ ಕಡೆ ನೌಕರಿಯಲ್ಲಿಲ್ಲ ಎಂದು ಅಫಿಡವಿಟ್ ಕೊಡಬೇಕಿತ್ತು. ಹಾಳೆಯ ಹಿಂಬದಿಗೆ ಇದನ್ನೂ ಬರೆದು, ಅಫಿಡವಿಟ್ ಕರಡನ್ನು ಸಿದ್ಧವಿಡಲು ವಕೀಲರಿಗೆ ಹೇಳಿದೆವು.

ಕಂಪನಿಯವರೂ ಈ ಲೆಕ್ಕ ಹಾಕಿದ್ದರು ಅನ್ನಿಸುತ್ತದೆ. ಮನೆಯಲ್ಲಿ ಕೂರಿಸಿ 18,400 ಕೊಡುವುದಕ್ಕಿಂತ ಕೆಲಸ ಮಾಡಿಸಿಕೊಳ್ಳುವುದು ಮೇಲು ತಾನೆ. ಜನವರಿಯ ಕೊನೆಗೆ ಮಾತುಕತೆಗೆ ಕರೆದರು. 2023ರ ಫೆಬ್ರವರಿ 1ಕ್ಕೆ ಆಪರೇಟರ್ ಮತ್ತೆ ಅದೇ ಪ್ರೆಸ್ ವಿಭಾಗಕ್ಕೆ ಸೇರಿದರು.

ಉಳಿದ 96,600

ಫೆಬ್ರವರಿ 6ಕ್ಕೆ, ಗಡುವಿಗೆ ಎರಡು ದಿನ ಮುಂಚೆ, ಕಂಪನಿ ತನ್ನ ಲೆಕ್ಕದ 3,33,000ನ್ನು ಕೊಟ್ಟಿತು, ಪಿಎಫ್ ಪಾಲು ಅದರಲ್ಲೇ ಹಿಡಿದು. ಜೊತೆಗೆ ಒಂದು ರಸೀದಿ ಕಳಿಸಿತು: ‘ಐತೀರ್ಪಿನಂತೆ ಪೂರ್ಣ ಮತ್ತು ಅಂತಿಮ ಹಣ ಪಡೆದಿದ್ದೇನೆ.’ ಆಪರೇಟರ್ ಸಹಿ ಹಾಕಲು ಪೆನ್ನು ತೆಗೆದಿದ್ದರು. ಹಾಳೆ ನೋಡಿ ನಿಲ್ಲಿಸಿ, ನನಗೆ ಫೋನ್ ಮಾಡಿದರು. ಏಪ್ರಿಲ್ 2018ರಿಂದ ಜನವರಿ 2023ರವರೆಗೆ 58 ತಿಂಗಳು. 5,33,600ರಲ್ಲಿ 1,04,000 ಕಳೆದರೆ 4,29,600. ಬಂದದ್ದು 3,33,000. ಇನ್ನೂ 96,600 ಬರಬೇಕು. ಅವರು ರಸೀದಿಯಲ್ಲಿ ‘ಪೂರ್ಣ ಮತ್ತು ಅಂತಿಮ’ ಹೊಡೆದುಹಾಕಿ ‘ಭಾಗಶಃ, ಉಳಿದ ಹಕ್ಕು ಕಾಯ್ದುಕೊಂಡು’ ಎಂದು ಬರೆದು ಸಹಿ ಮಾಡಿದರು.

ಮುಂದಿನ ದಾರಿಯ ಆಯ್ಕೆಯಲ್ಲಿ ಸ್ವಲ್ಪ ಚರ್ಚೆಯಾಯಿತು. 33-ಸಿ ಕಲಂನಲ್ಲಿ ಎರಡು ಬಾಗಿಲಿದ್ದವು. ಬರಬೇಕಾದ ಮೊತ್ತದ ಬಗ್ಗೆ ತಕರಾರಿಲ್ಲದಿದ್ದರೆ ಒಂದನೇ ಉಪಕಲಂ ಅಡಿ ಸರ್ಕಾರಕ್ಕೆ ಅರ್ಜಿ ಹಾಕಬಹುದಿತ್ತು. ಸರ್ಕಾರ ಪ್ರಮಾಣಪತ್ರ ಕೊಟ್ಟರೆ ಜಿಲ್ಲಾಧಿಕಾರಿ ಆ ಹಣವನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡುತ್ತಿದ್ದರು. ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ತಡವಾದರೆ ಸರಿಯಾದ ಕಾರಣ ಕೊಡಬೇಕಿತ್ತು. ಮೊತ್ತವನ್ನೇ ಲೆಕ್ಕ ಹಾಕಿ ನಿರ್ಧರಿಸಬೇಕಿದ್ದರೆ ಎರಡನೇ ಉಪಕಲಂ ಅಡಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಿತ್ತು.

ಇಲ್ಲಿ ಐತೀರ್ಪಿನಲ್ಲಿ ಒಟ್ಟು ಮೊತ್ತ ಬರೆದಿರಲಿಲ್ಲ. ಕಂಪನಿ ಎರಡು ವಿಷಯಕ್ಕೆ ತಕರಾರು ಮಾಡಿತ್ತು: ಕೊನೆಯ ದಿನ ಯಾವುದು, ಜೀವನಾಧಾರ ಭತ್ಯೆ ಕಳೆಯಬಹುದೇ. ಸರ್ಕಾರದ ಬಾಗಿಲಿಗೆ ಹೋದರೆ ಇದೇ ತಕರಾರು ಮುಂದಿಟ್ಟು ಎಳೆಯುತ್ತಾರೆ ಎಂದು ವಕೀಲರು ಎರಡನೇ ದಾರಿ ಹಿಡಿದರು. ನನಗೂ ಅದೇ ಸರಿ ಎನಿಸಿತು. 29ನೇ ಕಲಂನ ಶಿಕ್ಷೆಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಉಲ್ಲಂಘನೆಗೆ ಆರು ತಿಂಗಳವರೆಗೆ ಸಜೆಯಾಗಬಹುದಿತ್ತು ನಿಜ, ಆದರೆ 34ನೇ ಕಲಂ ಪ್ರಕಾರ ಅದಕ್ಕೆ ದೂರು ಸರ್ಕಾರದಿಂದ ಅಥವಾ ಸರ್ಕಾರದ ಅಧಿಕಾರ ಪಡೆದು ಬರಬೇಕಿತ್ತು. ಸಂಘ ನೇರವಾಗಿ ಹೋಗಿ ಕೇಸು ಹಾಕುವಂಥದ್ದಾಗಿರಲಿಲ್ಲ.

ಅರ್ಜಿಗೆ ಲಗತ್ತಿಸಿದ್ದು ನಾಲ್ಕು ಕಾಗದ: ಐತೀರ್ಪು, ಪ್ರಕಟಣೆಯ ಪ್ರತಿ, ಡಿಸೆಂಬರ್ 19ರ ಹಾಜರಿ ಪತ್ರ ಅದರ ಅಂಚೆ ಸ್ವೀಕೃತಿಯೊಂದಿಗೆ, ಒಂದು ಪುಟದ ಲೆಕ್ಕ. ಸೇರಿಸಿಕೊಳ್ಳುವುದು ತಡವಾದದ್ದಕ್ಕೆ ಕಾರ್ಮಿಕನೇ ಕಾರಣ ಎಂದು ಕಂಪನಿ ಆಕ್ಷೇಪಣೆಯಲ್ಲಿ ಹೇಳಿತ್ತು. ಹಾಜರಿ ಪತ್ರದ ಕೆಳಗಿನ ಕೈಬರಹದ ಸಾಲಿನ ಮುಂದೆ ಆ ವಾದ ನಿಲ್ಲಲಿಲ್ಲ. ನ್ಯಾಯಾಧೀಶರು ಕಂಪನಿಯ ವಕೀಲರಿಗೆ ಆದೇಶ ಭಾಗವನ್ನು ಓದಲು ಹೇಳಿ, ಜೀವನಾಧಾರ ಭತ್ಯೆ ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಮುಂದಿನ ದಿನಾಂಕಕ್ಕೆ ಮೊದಲೇ ಕಂಪನಿ ರಾಜಿಗೆ ಬಂತು.

ರಾಜಿಯಲ್ಲಿ ಒಂದನ್ನು ಬಿಟ್ಟುಕೊಡಬೇಕಾಯಿತು. ಜನವರಿ 9ರ ಗಡುವು ಮೀರಿದ ಮೇಲಿನ 22 ದಿನಗಳಿಗೆ ಅರ್ಧವಲ್ಲ, ಪೂರ್ಣ ವೇತನ ಬರಬೇಕು ಎಂದು ವಕೀಲರು ಕೇಳಿದ್ದರು. ವಾದಿಸಬಹುದಾದ ವಿಷಯ ಅದು. ಆದರೆ ಆದೇಶದ ಪದಗಳು ‘ಸೇರಿಸಿಕೊಳ್ಳುವ ದಿನದವರೆಗೆ ಶೇ. 50’ ಎಂದೇ ಇದ್ದವು. ಅದಕ್ಕಾಗಿ ಇನ್ನೊಂದು ವರ್ಷ ಓಡಾಡಲು ಆಪರೇಟರ್ ಸಿದ್ಧರಿರಲಿಲ್ಲ. 96,600ಕ್ಕೆ ಫೆಬ್ರವರಿ 9ರಿಂದ ಆಗಸ್ಟ್ 8ರವರೆಗೆ ಆರು ತಿಂಗಳ ಬಡ್ಡಿ, ತಿಂಗಳಿಗೆ 483ರಂತೆ 2,898. ಒಟ್ಟು 99,498ರ ಚೆಕ್ಕು ನ್ಯಾಯಾಲಯದಲ್ಲೇ ಕೈಗೆ ಬಂತು.

ಹಾಳೆಯ ಕೊನೆಯ ಸಾಲು

ಹಾಳೆಯಲ್ಲಿ ‘ಐತೀರ್ಪು ಏನೂ ಹೇಳದೇ ಇರುವುದು’ ಎಂದು ಬರೆದ ಸಾಲಿನ ಕೆಲಸ ಇನ್ನೂ ಉಳಿದಿತ್ತು. ವಾಪಸು ಸೇರಿದ ಆಪರೇಟರಿಗೆ ಮೊದಲ ಎರಡು ತಿಂಗಳು 18,400ರಂತೆಯೇ ಸಂಬಳ ಬಂತು. ಪಕ್ಕದ ಮಷಿನಿನಲ್ಲಿ ಅದೇ ಕೆಲಸ ಮಾಡುವವರಿಗೆ 26,500. ಸಂಘ ಇದನ್ನೂ 33-ಸಿ(2) ಅರ್ಜಿಗೆ ಸೇರಿಸಲು ಹೊರಟಿತ್ತು. ಆ ಕಲಂ ಅಡಿ ಈಗಾಗಲೇ ಇರುವ ಹಕ್ಕನ್ನು ಹಣದಲ್ಲಿ ಲೆಕ್ಕ ಹಾಕಬಹುದಿತ್ತು, ಹೊಸ ಹಕ್ಕನ್ನು ತೀರ್ಮಾನಿಸಲು ಬರುತ್ತಿರಲಿಲ್ಲ. ಐತೀರ್ಪಿನಲ್ಲಿ ಈ ಬಗ್ಗೆ ಒಂದು ಪದವೂ ಇರಲಿಲ್ಲವಾದ್ದರಿಂದ ಅದನ್ನು ಅರ್ಜಿಯಿಂದ ಹೊರಗಿಡಲು ಹೇಳಿದೆ. ಸೇರಿಸಿದ್ದರೆ, ಸ್ಪಷ್ಟವಾಗಿ ಬರಬೇಕಿದ್ದ 96,600 ಕೂಡ ಅದರ ಜೊತೆ ಸಿಕ್ಕಿಕೊಳ್ಳುತ್ತಿತ್ತು.

ಬದಲಿಗೆ ಸಂಘ ಅದನ್ನು ಬೇರೆಯಾಗಿ ಆಡಳಿತದ ಮುಂದಿಟ್ಟಿತು. ಕಾರ್ಖಾನೆಯಲ್ಲಿ ಆಗಲೇ ಜಾರಿಯಲ್ಲಿದ್ದ ವೇತನ ಒಪ್ಪಂದ ‘ಪಟ್ಟಿಯಲ್ಲಿರುವ ಎಲ್ಲ ಕಾಯಂ ಕಾರ್ಮಿಕರಿಗೆ’ ಅನ್ವಯ ಎಂದಿತ್ತು. ಸೇವೆ ನಿರಂತರ ಎಂದ ಮೇಲೆ ಈಗ ಆಪರೇಟರ್ ಕೂಡ ಆ ಪಟ್ಟಿಯವರೇ. ಹಿಂದಿನ ವರ್ಷಗಳ ಬಾಕಿ ಕೇಳುವುದಿಲ್ಲ, ಮುಂದಿನ ಸಂಬಳ ಮಾತ್ರ ಆ ಪಟ್ಟಿಯಂತೆ ಇರಲಿ ಎಂದು ಕೇಳಿದರು. 18(1) ಕಲಂ ಅಡಿಯ ಒಂದು ಪುಟದ ಒಪ್ಪಂದವಾಗಿ 2023ರ ಏಪ್ರಿಲ್‌ನಿಂದ ಅವರಿಗೂ 26,500 ಬಂತು. ಫೆಬ್ರವರಿ ಮತ್ತು ಮಾರ್ಚಿನ ವ್ಯತ್ಯಾಸ 16,200 ರೂಪಾಯಿಯನ್ನು ಕಂಪನಿ ಮೇ ತಿಂಗಳ ಸಂಬಳದ ಜೊತೆ ಕೊಟ್ಟಿತು.